ಹಲಸಿನ ಮರದ ಮೇಲಿನ ಕಂದು ಗೂಡು: ಕಣಜವೋ, ಜೇನೋ, ಗೆದ್ದಲೋ?

ಶಾಲಿನಿ, ಫೋಂಡಾ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಿಂದಿನ ಹಲಸಿನ ಮರದಲ್ಲಿ, ಸುಮಾರು ಹದಿನೈದು ಅಡಿ ಎತ್ತರದಲ್ಲಿ, ಕೊಂಬೆ ಕವಲೊಡೆಯುವ ಕಡೆ ಕಂದು ಬಣ್ಣದ ಗೂಡೊಂದು ಇದೆ. ಫುಟ್‌ಬಾಲ್‌ಗಿಂತ ಸ್ವಲ್ಪ ದೊಡ್ಡದು. ಪಕ್ಕದಲ್ಲಿ ದುಂಡನೆಯ ತೂತು ಕಾಣುತ್ತದೆ. ಫೋಟೋ ಹಾಕಿದ್ದೇನೆ. ಅದರಲ್ಲಿ ಹುಳು ಯಾವುದೂ ಕಾಣುತ್ತಿಲ್ಲ.

ಮುಂದಿನ ವಾರ ಕಾಯಿ ಇಳಿಸಲು ಆಳು ಮರ ಹತ್ತಬೇಕು. ಅವನು ಗೂಡು ನೋಡಿ ಹಿಂದೇಟು ಹಾಕುತ್ತಿದ್ದಾನೆ. ಮರದ ಬುಡದಿಂದ ನಾಲ್ಕು ಹೆಜ್ಜೆ ದೂರದಲ್ಲಿ ಮೊಣಕಾಲೆತ್ತರದ ಹುತ್ತವೂ ಇರುವುದರಿಂದ ಮೇಲಿನದೂ ಗೆದ್ದಲಿನದೇ ಎನ್ನುತ್ತಾರೆ ನಮ್ಮ ಯಜಮಾನರು. ಅತ್ತೆಯವರು ಹುತ್ತದ ತಂಟೆಗೆ ಹೋಗಬೇಡಿ ಎಂದಿದ್ದಾರೆ, ಅದನ್ನು ಮುಟ್ಟುವ ಯೋಚನೆ ನನಗೂ ಇಲ್ಲ. ಮೇಲಿನದು ಯಾವುದೆಂದು ಫೋಟೋ ನೋಡಿ ಹೇಳಬಹುದೇ?

ಪ್ರಕಾಶ, ಠಾಣೆ

ಇದು ಕಣಜದ ಗೂಡು, ಅನುಮಾನವೇ ಬೇಡ. ಮರದಲ್ಲಿದ್ದರೆ ಕಣಜ, ನೆಲದಲ್ಲಿದ್ದರೆ ಗೆದ್ದಲು, ಆರು ಮೂಲೆಯ ಕೋಣೆ ಕಂಡರೆ ಜೇನು. ಅದರ ಮೇಲೆ ಒಂದೇ ತೂತು ಇದೆ, ಅದೇ ಬಾಗಿಲು. ದೊಡ್ಡ ಕಣಜದ ಗೂಡಿಗೆ ಹೊರಗಿನಿಂದ ಕಾಗದದ ಹೊದಿಕೆ ಇರುತ್ತದೆ, ಒಳಗಿನ ಕೋಣೆ ಕಾಣುವುದಿಲ್ಲ. ನಮ್ಮ ಊರಿನಲ್ಲಾಗಿದ್ದರೆ ರಾತ್ರಿ ಪಂಜು ಹಿಡಿದು ಸುಟ್ಟುಬಿಡುತ್ತಿದ್ದರು. ಆಳನ್ನು ಖಂಡಿತ ಹತ್ತಿಸಬೇಡಿ.

ಮಂಜುನಾಥ, ಪಿಂಪ್ರಿ

ನಮ್ಮ ಕಟ್ಟಡದಲ್ಲೂ ಇದೇ ತೊಂದರೆ. ನಾಲ್ಕನೆಯ ಮಹಡಿಯ ಸಜ್ಜದ ಅಡಿಯಲ್ಲಿ ಅರ್ಧಚಂದ್ರದ ಆಕಾರದ ಕಪ್ಪು ಹಲಗೆಯಂಥದು ಜೋತುಬಿದ್ದಿದೆ. ಹಿಂದೆ ಹುಳು ತುಂಬಿದ್ದವು, ಈಗ ಒಂದೂ ಇಲ್ಲ. ಕೆಳಭಾಗದಲ್ಲಿ ಜೇಡರ ಬಲೆ ಕಟ್ಟಿದೆ. ಕಾವಲುಗಾರ ಅದನ್ನು ಮರಾಠಿಯಲ್ಲಿ ಗಾಂಧೀಲ್ ಮಾಶಿಯ ಗೂಡು, ಅಂದರೆ ಕಣಜದ ಗೂಡು ಎನ್ನುತ್ತಾನೆ. ಅದರಲ್ಲಿ ಜೇನುತುಪ್ಪ ಉಳಿದಿರುತ್ತದೆಯೇ? ಇಳಿಸಲು ಎಷ್ಟು ಖರ್ಚು ಬರಬಹುದು?

ವಸುಧಾ, ಪುಣೆ

ಶಾಲಿನಿಯವರೇ, ಈ ಒಂದು ಫೋಟೋದಿಂದ ಹೇಳುವುದು ಕಷ್ಟ. ಆಕಾಶ ಹಿಂದಿರುವುದರಿಂದ ಗೂಡು ಬರೀ ಕಪ್ಪು ನೆರಳಾಗಿ ಬಂದಿದೆ. ಆಕಾರ ಸಿಕ್ಕಿದೆ, ಯಾವುದರಿಂದ ಕಟ್ಟಿದ್ದು ಎಂಬುದು ಸಿಕ್ಕಿಲ್ಲ. ಗುರುತಿಸಲು ಬೇಕಾದದ್ದು ಎರಡನೆಯದು.

ಪ್ರಕಾಶ ಅವರು ಹೊದಿಕೆಯ ಬಗ್ಗೆ ಹೇಳಿದ್ದು ಸರಿ. ಆದರೆ ಇರುವ ಜಾಗದಿಂದ ತೀರ್ಮಾನಿಸಿದರೆ ದಾರಿ ತಪ್ಪುತ್ತದೆ. ನೆಲದ ಬಿಲದಲ್ಲಿ ಗೂಡು ಮಾಡುವ ದೊಡ್ಡ ಕಣಜಗಳಿವೆ, ಮರದ ಮೇಲೆ ಕಟ್ಟುವ ಗೆದ್ದಲುಗಳಿವೆ. ಆರು ಮೂಲೆಯ ಕೋಣೆಯೂ ಜೇನಿನ ಸ್ವತ್ತಲ್ಲ. ಕಿಟಕಿಯ ಮೇಲೆ ಕಟ್ಟುವ ಸಣ್ಣ ಕಣಜದ ಗೂಡನ್ನು ನೋಡಿ, ಅದರ ಕೋಣೆಗಳಿಗೂ ಆರೇ ಮೂಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಅವರು ದಶಕಗಳ ಕಾಲ ಅಭ್ಯಾಸ ಮಾಡಿದ ರೋಪಾಲಿಡಿಯಾ ಮಾರ್ಜಿನೇಟಾ ಇಂಥದೇ ಕಣಜ. ಅದರ ಗೂಡಿಗೆ ಹೊದಿಕೆ ಇಲ್ಲ, ಕೋಣೆಗಳು ಬಯಲಿಗೇ ಇರುತ್ತವೆ.

ಮೊದಲು ಕೇಳಿಕೊಳ್ಳಬೇಕಾದದ್ದು ಇಷ್ಟು: ಕಾಣುತ್ತಿರುವುದು ಕಾಗದವೋ, ಮೇಣವೋ, ಮಣ್ಣೋ? ಕಣಜ ಒಣಮರವನ್ನು ಕೆರೆದು, ಜೊಲ್ಲು ಬೆರೆಸಿ ಅಗಿದು ಕಾಗದ ಮಾಡುತ್ತದೆ. ಒಂದು ಬಾರಿ ತಂದ ಉಂಡೆಯಿಂದ ಒಂದು ಸಣ್ಣ ಪಟ್ಟಿ ಎಳೆಯುತ್ತದೆ. ಈ ಸಲ ಹಳೆಯ ಬೇಲಿಗೂಟದಿಂದ ಕೆರೆದಿದ್ದರೆ ಬೂದು, ಮುಂದಿನ ಸಲ ಬೇರೆ ಮರದಿಂದ ತಂದಿದ್ದರೆ ಕಂದು. ಆದ್ದರಿಂದ ಹೊದಿಕೆಯಿರುವ ಗೂಡನ್ನು ಹಗಲು ಬೆಳಕಿನಲ್ಲಿ ತೆಗೆದರೆ ಬೂದು, ಕಂದು, ತಿಳಿಹಳದಿ ಬಣ್ಣದ ಬಾಗಿದ ಗೆರೆಗಳು ಅಲೆ ಅಲೆಯಾಗಿ ಕಾಣಲೇಬೇಕು. ಆ ಗೆರೆಗಳು ಕಂಡರೆ ಹುಳು ಕಾಣದಿದ್ದರೂ ನಾನು ಧೈರ್ಯವಾಗಿ ಕಣಜ ಎನ್ನುತ್ತೇನೆ.

ಹಾಗಾಗಿ ದಯವಿಟ್ಟು ಇನ್ನೂ ಮೂರು ಫೋಟೋ ತೆಗೆಯಿರಿ. ಬಿಸಿಲು ನಿಮ್ಮ ಬೆನ್ನಿಗೆ ಇರಲಿ. ಫ್ಲ್ಯಾಶ್ ಬೇಡ, ಅದು ಮೇಲ್ಮೈಯ ಏರಿಳಿತವನ್ನೆಲ್ಲ ಅಳಿಸಿಬಿಡುತ್ತದೆ. ದೂರ ನಿಂತೇ ಜೂಮ್ ಮಾಡಿ. ಒಂದು ಗೂಡಿನ ಮೈಯದು, ಒಂದು ಗೂಡು ಕೊಂಬೆಗೆ ಅಂಟಿದ ಜಾಗದ್ದು, ಇನ್ನೊಂದು ಗೂಡಿನಿಂದ ಬುಡದವರೆಗಿನ ಕಾಂಡದ್ದು. ವಾಟ್ಸ್‌ಆ್ಯಪ್ ಮೂಲಕ ಕಳುಹಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳುಹಿಸಿ. ಸಾಮಾನ್ಯ ಚಿತ್ರವಾಗಿ ಕಳುಹಿಸಿದರೆ ಕುಗ್ಗಿ, ನಮಗೆ ಬೇಕಾದ ಗೆರೆಗಳೇ ಕಲಸಿಹೋಗುತ್ತವೆ.

ಮಂಜುನಾಥ ಅವರೇ, ನಿಮ್ಮದು ಬೇರೆಯೇ ವಿಷಯ, ಫೋಟೋ ಹಾಕಿ. ಪ್ರಕಾಶ ಅವರೇ, ಬೆಂಕಿಯ ಮಾತು ಬೇಡ. ಒಣ ಕಾಗದ, ಹಲಸಿನ ಮರ, ಪಕ್ಕದಲ್ಲೇ ಮನೆ.

ಅನಂತ, ಮಡಗಾಂವ್

ಶಾಲಿನಿ ಮೇಡಂ, ಹುತ್ತದ ವಿಷಯದಲ್ಲಿ ನಿಮ್ಮ ಅತ್ತೆಯವರ ಮಾತು ಮೀರಬೇಡಿ. ಇಲ್ಲಿ ಸಾಂತೇರಿ ದೇವಿಯನ್ನು ಹುತ್ತದ ರೂಪದಲ್ಲೇ ಪೂಜಿಸುತ್ತಾರೆ. ಮಳೆ ಹಿಡಿದ ಮೇಲೆ ಹುತ್ತದ ಮೇಲೆ ಏಳುವ ಅಣಬೆಗೆ ಗೋವಾದ ಪೇಟೆಯಲ್ಲಿ ಎಷ್ಟು ಬೇಡಿಕೆ ಎನ್ನುವುದು ನಿಮಗೂ ಗೊತ್ತಿರುತ್ತದೆ.

ಮೇಲಿನ ಗೂಡಿನ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ಘಟ್ಟದಂಚಿನ ತೋಟಗಳಲ್ಲಿ ಇಂಥ ಗೂಡು ಬಹಳ ನೋಡಿದ್ದೇನೆ, ಗೇರು ಮರದಲ್ಲೂ ಇರುತ್ತವೆ. ಕೆಲವರು ಗೆದ್ದಲು ಎನ್ನುತ್ತಾರೆ, ಕೆಲವರು ಇರುವೆ ಎನ್ನುತ್ತಾರೆ. ಕಣಜ ಎಂದವರು ಕಡಿಮೆ. ಕೆಳಗೆ ಹುತ್ತ ಇರುವುದಕ್ಕೂ ಮೇಲಿನದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ.

ರೇಣುಕಾ, ಡೊಂಬಿವಲಿ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಮಣ್ಣಿನ ಮಾತು ಬಂದದ್ದರಿಂದ ಕೇಳುತ್ತಿದ್ದೇನೆ. ನಮ್ಮ ಹಾಲ್‌ನಲ್ಲಿ ಕಿಟಕಿಯ ಚೌಕಟ್ಟಿನ ಮೂಲೆಗೆ ಮುಷ್ಟಿಗಿಂತ ಚಿಕ್ಕದಾದ ಮಣ್ಣಿನ ಮುದ್ದೆ ಅಂಟಿದೆ. ಕೀಟ ನಿವಾರಣೆಯ ಕಂಪನಿಯೊಂದರವನು ಫೋಟೋ ನೋಡಿಯೇ ಗೆದ್ದಲು ಎಂದ. ಇಡೀ ಮನೆಯ ಅಂಚಿಗೆ ಉದ್ದಕ್ಕೂ ರಂಧ್ರ ಕೊರೆದು ಔಷಧಿ ತುಂಬಬೇಕಂತೆ. ನಮ್ಮದು ಐದನೆಯ ಮಹಡಿ. ಫೋಟೋ ಇದು. ದಯವಿಟ್ಟು ನೋಡಿ ಹೇಳಿ, ಅವನು ಶನಿವಾರ ಬರುತ್ತೇನೆ ಎಂದಿದ್ದಾನೆ.

ವಸುಧಾ, ಪುಣೆ

ರೇಣುಕಾ ಅವರೇ, ಶನಿವಾರದ ಕೆಲಸ ಸದ್ಯಕ್ಕೆ ನಿಲ್ಲಿಸಿ. ನಿಮ್ಮ ಫೋಟೋ ಚೆನ್ನಾಗಿ ಬಂದಿದೆ. ಇದು ಒಂಟಿಯಾಗಿ ಬದುಕುವ ಕಣಜದ ಮಣ್ಣಿನ ಗೂಡು. ನಮ್ಮ ಕಡೆ ಕುಂಬಾರ ಹುಳು ಎನ್ನುತ್ತೇವಲ್ಲ, ಅದೇ. ಎಲ್ಲ ಕಣಜಗಳೂ ಕಾಗದ ಮಾಡುವುದಿಲ್ಲ. ಮಣ್ಣು ಕಂಡ ಕೂಡಲೇ ಗೆದ್ದಲು ಎನ್ನುವವರು ಇಲ್ಲಿಯೇ ಎಡವುತ್ತಾರೆ.

ಯಾಕೆ ಹೀಗೆ ಹೇಳುತ್ತೇನೆ ಎಂದರೆ, ಚಿತ್ರವನ್ನು ದೊಡ್ಡದು ಮಾಡಿ ಎಡಭಾಗ ನೋಡಿ. ಬೆರಳುದ್ದದ ಕೊಳವೆಗಳನ್ನು ಒಂದರ ಪಕ್ಕ ಒಂದಿಟ್ಟು ಮೇಲಿಂದ ಮಣ್ಣು ಮೆತ್ತಿದ ಗುರುತು ಕಾಣುತ್ತದೆ. ಮೆತ್ತಿದ ಮಣ್ಣು ಎಲ್ಲ ಕಡೆ ಒಂದೇ ಬಣ್ಣದ್ದಲ್ಲ, ಒಂದು ಕಡೆ ಕೆಂಪು, ಅದರ ಪಕ್ಕದಲ್ಲೇ ಬೂದು. ಬೇರೆ ಬೇರೆ ಕೆಸರಿನಿಂದ ಹೊತ್ತು ತಂದ ಉಂಡೆಗಳು ಅವು. ಬಲಭಾಗದಲ್ಲಿ ಪೆನ್ಸಿಲ್ ತೂರುವಷ್ಟು ದುಂಡನೆಯ ತೂತು ಇದೆಯಲ್ಲ, ಬೆಳೆದ ಮರಿ ಕೊರೆದು ಹೊರಬಂದ ದಾರಿ ಅದು. ಒಳಗೆ ತಾಯಿ ಕುಟುಕಿ ಮರಗಟ್ಟಿಸಿದ ಜೇಡಗಳನ್ನು ಮರಿಗೆ ಆಹಾರವಾಗಿ ತುಂಬಿಟ್ಟಿರುತ್ತದೆ. ಅದು ಗುಂಪಾಗಿ ಗೂಡು ಕಾಯುವ ಜಾತಿಯಲ್ಲ, ಮನೆಯವರ ಮೇಲೆ ಎರಗುವುದಿಲ್ಲ.

ಗೆದ್ದಲಿನ ಮಣ್ಣು ಹೀಗೆ ಒಂಟಿಯಾಗಿ ಗೋಡೆಯ ನಡುವೆ ಕುಳಿತಿರುವುದಿಲ್ಲ. ಗೆದ್ದಲು ಬೆಳಕಿಗೂ ಒಣಗಾಳಿಗೂ ಹೆದರುವ ಪ್ರಾಣಿ. ಎಲ್ಲಿಗೆ ಹೋದರೂ ಮುಚ್ಚಿದ ದಾರಿ ಕಟ್ಟಿಕೊಂಡೇ ಹೋಗುತ್ತದೆ. ಆದ್ದರಿಂದ ಮುದ್ದೆಯನ್ನು ಬಿಟ್ಟು ಅದರ ಸುತ್ತ ನೋಡಬೇಕು. ಒಂದು ಬಿರುಕಿನಿಂದಲೋ ಸ್ಕರ್ಟಿಂಗ್ ಅಂಚಿನಿಂದಲೋ ಹೊರಟು, ಕವಲೊಡೆದು, ಮರದ ಚೌಕಟ್ಟಿಗೆ ಸೇರುವ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಇದೆಯೇ? ಆ ಗೆರೆಯನ್ನು ಹತ್ತಿರದಿಂದ ನೋಡಿದರೆ ಮೆತ್ತಿದ ನಯ ಇರುವುದಿಲ್ಲ. ಸಣ್ಣ ಸಣ್ಣ ಮಣ್ಣಿನ ಕಾಳುಗಳನ್ನು ಒಂದೊಂದಾಗಿ ಅಂಟಿಸಿದಂತೆ ತರಿತರಿಯಾಗಿರುತ್ತದೆ.

ರೇಣುಕಾ, ಡೊಂಬಿವಲಿ

ಮುದ್ದೆಯ ಸುತ್ತ ಗೆರೆ ಯಾವುದೂ ಇಲ್ಲ. ಆದರೆ ಅಡುಗೆಮನೆಯ ಸಿಂಕಿನ ಕೆಳಗೆ, ಪೈಪಿನ ಡಕ್ಟ್ ಇರುವ ಗೋಡೆಯ ಮೇಲೆ, ನೀವು ಹೇಳಿದಂಥ ಗೆರೆ ಒಂದು ಗೇಣುದ್ದ ಇದೆ. ಅದನ್ನು ನಾವು ಯಾರೂ ಗಮನಿಸಿರಲಿಲ್ಲ. ಐದನೆಯ ಮಹಡಿಗೆ ಗೆದ್ದಲು ಬರುತ್ತದೆಯೇ?

ವಸುಧಾ, ಪುಣೆ

ಬರುತ್ತದೆ. ಡಕ್ಟ್ ಅದಕ್ಕೆ ಒಳ್ಳೆಯ ದಾರಿ, ಅಲ್ಲಿ ತೇವವೂ ಇರುತ್ತದೆ, ಕತ್ತಲೆಯೂ ಇರುತ್ತದೆ. ಗೆರೆಯ ನಡುವೆ ಎರಡು ಬೆರಳಗಲ ಮಾತ್ರ ಕೆರೆದು ತೆಗೆಯಿರಿ, ಮೊದಲೂ ಆಮೇಲೂ ಒಂದೇ ಕೋನದಿಂದ ಫೋಟೋ ತೆಗೆದಿಡಿ. ಒಳಗೆ ಬಿಳಿ ಹುಳು ಓಡಿದರೆ ಅಲ್ಲಿಗೇ ಉತ್ತರ ಸಿಕ್ಕಿತು. ಕಾಣದಿದ್ದರೆ ಮರುದಿನ ನೋಡಿ, ಒದ್ದೆ ಮಣ್ಣಿನಿಂದ ತೇಪೆ ಹಾಕಿದ್ದರೆ ದಾರಿ ಬಳಕೆಯಲ್ಲಿದೆ ಎಂದರ್ಥ. ತೇಪೆ ಬೀಳದಿದ್ದರೆ ಗೆದ್ದಲು ಇಲ್ಲವೆಂದು ಮಾತ್ರ ಹೇಳಲಾಗದು, ಅವು ಬೇರೆ ದಾರಿ ಹಿಡಿದಿರಬಹುದು. ಆಗ ಸಿಂಕಿನ ಕೆಳಗಿನ ಮರದ ಕಪಾಟನ್ನು ತಟ್ಟಿ ನೋಡಿ, ಪೊಳ್ಳು ಸದ್ದು ಬರುತ್ತದೆಯೇ ಎಂದು. ಹಾಲ್‌ನ ಮುದ್ದೆಗೂ ಇದಕ್ಕೂ ನಂಟಿಲ್ಲ. ಔಷಧಿ ಬೇಕಾದರೂ ಎಲ್ಲಿ ಬೇಕು ಎನ್ನುವುದು ಈ ಗೆರೆಯಿಂದ ತೀರ್ಮಾನವಾಗಬೇಕು.

ಮಂಜುನಾಥ, ಪಿಂಪ್ರಿ

ನಮ್ಮದರ ಫೋಟೋ ಹಾಕಿದ್ದೇನೆ, ಐದನೆಯ ಮಹಡಿಯ ಬಾಲ್ಕನಿಯಿಂದ ಬಗ್ಗಿ ತೆಗೆದದ್ದು.

ವಸುಧಾ, ಪುಣೆ

ಇದು ಹೆಜ್ಜೇನು ಬಿಟ್ಟುಹೋದ ಎರಿ, ಮಂಜುನಾಥ ಅವರೇ. ಕಾವಲುಗಾರ ಹೇಳಿದ ಗಾಂಧೀಲ್ ಮಾಶಿಯ ಗೂಡಲ್ಲ, ಮರಾಠಿಯವರು ಆಗ್ಯಾ ಮೋಹೋಳ ಎನ್ನುವುದು ಇದಕ್ಕೆ. ಸಜ್ಜದ ಅಡಿಗೆ ಎಷ್ಟು ಅಗಲಕ್ಕೆ ಅಂಟಿಕೊಂಡಿದೆ ನೋಡಿ. ಬಯಲಲ್ಲಿ ಕಟ್ಟುವ ಕಾಗದದ ಕಣಜದ ಗೂಡು ಸಾಮಾನ್ಯವಾಗಿ ಒಂದು ತೆಳ್ಳನೆಯ ತೊಟ್ಟಿನಿಂದ ತೂಗುತ್ತದೆ, ಕೋಣೆಗಳು ಒಂದೇ ಬದಿಗೆ ಇದ್ದು ಬಾಯಿ ಕೆಳಕ್ಕೆ ತೆರೆದಿರುತ್ತದೆ. ನಿಮ್ಮದು ಉದ್ದಕ್ಕೆ ಕಚ್ಚಿಕೊಂಡು ನೇರ ಕೆಳಗಿಳಿದ ಒಂದೇ ಹಲಗೆ, ಕೋಣೆಗಳು ಎರಡೂ ಮುಖಗಳಲ್ಲಿವೆ. ಮುರಿದ ಅಂಚಿನಲ್ಲಿ ಅದು ಸ್ಪಷ್ಟವಾಗಿ ಕಾಣುತ್ತಿದೆ, ನಡುವೆ ಒಂದು ಗೋಡೆ, ಅದರ ಆಚೆಗೂ ಈಚೆಗೂ ಕೋಣೆಗಳು. ಬಣ್ಣ ಕಪ್ಪಾಗಿದೆ ಎಂದು ಮೇಣವಲ್ಲ ಎನ್ನಬೇಡಿ. ಹೊಸ ಮೇಣ ಬೆಳ್ಳಗಿರುತ್ತದೆ, ಅದರಲ್ಲಿ ಮರಿಗಳು ಬೆಳೆದಂತೆಲ್ಲ ಕಂದಾಗಿ ಕಪ್ಪಾಗುತ್ತದೆ.

ಕೆಳಗಿನ ಬಲೆ ಜೇಡರದಲ್ಲ, ಮೇಣ ತಿನ್ನುವ ಪತಂಗದ ಹುಳುವಿನದು. ಜೇನು ಬಿಟ್ಟುಹೋದ ಎರಿಯನ್ನು ಅದು ಸೇರಿಕೊಳ್ಳುತ್ತದೆ. ಹೆಜ್ಜೇನು ಜಾಗ ಬಿಡುವ ಮೊದಲು ತುಪ್ಪವನ್ನು ಬಹುಮಟ್ಟಿಗೆ ಕುಡಿದೇ ಹೋಗಿರುತ್ತದೆ, ಆಸೆ ಇಟ್ಟುಕೊಳ್ಳಬೇಡಿ. ಹುಳು ಇಲ್ಲದಿರುವಾಗ ಸೊಸೈಟಿಯವರು ಅದನ್ನು ಕೆರೆಸಬಹುದು. ಮುಂದಿನ ಹಂಗಾಮಿನಲ್ಲಿ ಅದೇ ಸಜ್ಜಕ್ಕೆ ಮತ್ತೆ ಬರುವ ಸಾಧ್ಯತೆ ಮಾತ್ರ ಇದ್ದೇ ಇರುತ್ತದೆ, ಹೆಜ್ಜೇನಿಗೆ ಹಳೆಯ ಜಾಗ ಹುಡುಕಿ ಬರುವ ರೂಢಿ ಇದೆ. ಆಗ ಎರಿ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ, ಹುಳುಗಳೇ ಮೈಗೆ ಮೈ ಹಚ್ಚಿ ಪರದೆ ಕಟ್ಟಿ ಅದನ್ನು ಮುಚ್ಚಿರುತ್ತವೆ. ಆಗ ಬಾಲ್ಕನಿಯಿಂದ ಬಗ್ಗಿ ಫೋಟೋ ತೆಗೆಯುವ ಸಾಹಸ ಬೇಡ. ಪುಣೆಯಲ್ಲಿ 1962ರಿಂದ ಕೇಂದ್ರೀಯ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಇದೆ, ಅಲ್ಲಿ ವಿಚಾರಿಸಿ.

ಶಾಲಿನಿ, ಫೋಂಡಾ

ವಸುಧಾ ಮೇಡಂ, ನೀವು ಹೇಳಿದ ಮೂರೂ ಫೋಟೋ ಬೆಳಿಗ್ಗೆಯ ಬಿಸಿಲಲ್ಲಿ ತೆಗೆದು ಹಾಕಿದ್ದೇನೆ. ಬಣ್ಣದ ಗೆರೆ ಇಲ್ಲವೇ ಇಲ್ಲ, ಎಲ್ಲ ಕಡೆ ಒಂದೇ ಮಸುಕು ಕಂದು. ಮೈಯೆಲ್ಲ ಚಕ್ಕೆ ಚಕ್ಕೆಯಾಗಿ, ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಚಾಚಿಕೊಂಡಿದೆ. ಕಾಂಡದ ಮೇಲೆ ಮಣ್ಣಿನ ದಾರಿ ನನಗಂತೂ ಕಾಣಲಿಲ್ಲ.

ಪ್ರಕಾಶ, ಠಾಣೆ

ಚಕ್ಕೆ ಇದ್ದರೂ ಅದು ಕಾಗದದ ಹಾಗೆಯೇ ಕಾಣುತ್ತದೆ. ಮಳೆಗೆ ಬಣ್ಣ ತೊಳೆದುಹೋಗಿರಬಾರದೇಕೆ? ತೂತಂತೂ ಒಂದೇ ಇದೆ.

ವಸುಧಾ, ಪುಣೆ

ಒಳ್ಳೆಯ ಪ್ರಶ್ನೆ, ಪ್ರಕಾಶ ಅವರೇ. ಹಳೆಯ ಕಾಗದ ಮಾಸುತ್ತದೆ ನಿಜ. ಆದರೆ ಕಣಜದ ಹೊದಿಕೆ ತೆಳ್ಳಗಿರುತ್ತದೆ, ಹರಿದ ಕಡೆ ಅಂಚು ಕಾಗದದಂತೆಯೇ ಹರಿದಿರುತ್ತದೆ, ಒಳಗಿನ ಅಂತಸ್ತುಗಳು ಇಣುಕುತ್ತವೆ. ಇಲ್ಲಿ ಪ್ರತಿಯೊಂದು ಚಕ್ಕೆಯೂ ದಪ್ಪ, ಅಂಚು ಮೊಂಡು. ಎರಡನೆಯ ಫೋಟೋದಲ್ಲಿ ಚಕ್ಕೆಗಳ ಕೆಳಗೆ ಕಪ್ಪು ಸೀಳುಗಳಿವೆ, ಒಂದಲ್ಲ, ಮೈತುಂಬ ಇವೆ. ಒಳಹೋಗುವ ದಾರಿಗಳು ಅವೇ. ಮಳೆ ಮೇಲಿನಿಂದ ಜಾರಿ ಹೋಗುವಂತೆ ಪ್ರತಿ ಚಕ್ಕೆಯೂ ಕೆಳಮುಖವಾಗಿದೆ. ಗೂಡು ತೊಟ್ಟಿನಿಂದ ತೂಗುತ್ತಲೂ ಇಲ್ಲ, ಕೊಂಬೆಯನ್ನೇ ಒಳಗೆ ಸೇರಿಸಿಕೊಂಡು ಕಟ್ಟಿದ್ದಾರೆ.

ಜೇನಿನ ಮಾತು ಇಲ್ಲಿ ಬರುವುದೇ ಇಲ್ಲ, ಮೇಣದ ಸುಳಿವೇ ಇಲ್ಲ. ಗೆದ್ದಲಿನದಾದರೆ ಮೈ ಮುಚ್ಚಿರಬೇಕಿತ್ತು. ಇಷ್ಟೊಂದು ತೆರೆದ ಬಾಗಿಲುಗಳನ್ನು ಗೆದ್ದಲು ಸಹಿಸುವುದಿಲ್ಲ. ಕಾಂಡದ ಮೇಲೆ ಮುಚ್ಚಿದ ದಾರಿಯೂ ಕಾಣಬೇಕಿತ್ತು. ಆದ್ದರಿಂದ ನನ್ನ ತೀರ್ಮಾನ, ಇದು ಮೂವರಲ್ಲಿ ಯಾರದ್ದೂ ಅಲ್ಲ. ಇರುವೆಯ ಗೂಡು. ಕ್ರೆಮಟೋಗಾಸ್ಟರ್ ಎಂಬ ಕುಲದ ಇರುವೆ, ಅಗಿದ ಸಸ್ಯನಾರಿನಿಂದ ಮರದ ಮೇಲೆ ಹೀಗೆಯೇ ಕಟ್ಟುತ್ತದೆ. ಅನಂತ ಅವರು ತೋಟಗಳಲ್ಲಿ ಕಂಡದ್ದೂ ಇದೇ ಇರಬೇಕು.

ಅನಂತ, ಮಡಗಾಂವ್

ಹೌದು, ಗೇರು ಮರದಲ್ಲಿ ಕಂಡದ್ದು ಹೀಗೇ ಚಕ್ಕೆ ಚಕ್ಕೆಯಾಗಿತ್ತು. ಆದರೆ ಕಾಂಡದ ಫೋಟೋ ಒಂದೇ ಬದಿಯದು. ಗೆದ್ದಲಿನ ದಾರಿ ಹಿಂದಿನ ಬದಿಯಲ್ಲಿ, ನೆರಳಿನಲ್ಲಿ ಇರಬಹುದಲ್ಲವೇ? ಒಂದೇ ಬದಿ ನೋಡಿ ಇಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ.

ವಸುಧಾ, ಪುಣೆ

ಒಪ್ಪಬೇಕಾದ ಮಾತು. ಶಾಲಿನಿಯವರೇ, ಮರಕ್ಕೆ ಒಂದು ಸುತ್ತು ಬಂದು ಹಿಂಬದಿಯನ್ನೂ ತೆಗೆಯಿರಿ. ಹಾಗೆಯೇ ಗೂಡಿನಿಂದ ದೂರ, ಕಾಂಡದ ಮೇಲೆ ಓಡಾಡುವ ಇರುವೆ ಸಿಕ್ಕರೆ ಒಣಕಡ್ಡಿಯಿಂದ ತುಸು ಕೆಣಕಿ. ಈ ಕುಲದ ಇರುವೆ ರೇಗಿದರೆ ಹೊಟ್ಟೆಯ ತುದಿಯನ್ನು ಬೆನ್ನ ಮೇಲಕ್ಕೆ ಮಡಚಿ ಎತ್ತುತ್ತದೆ. ಮೇಲಿನಿಂದ ನೋಡಿದರೆ ಆ ಹೊಟ್ಟೆ ಹೃದಯದ ಆಕಾರದಲ್ಲಿ ಕಾಣುತ್ತದೆ. ಅದನ್ನು ಕಂಡರೆ ಮತ್ತೆ ವಾದವಿಲ್ಲ.

ಪ್ರಕಾಶ, ಠಾಣೆ

ಹಾಗಾದರೆ ಆ ದುಂಡನೆಯ ತೂತು? ಇರುವೆಗೆ ಸೀಳುಗಳೇ ಬಾಗಿಲಾದರೆ ಅಷ್ಟು ದೊಡ್ಡ ತೂತು ಯಾಕೆ ಬೇಕು? ಇದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ವಸುಧಾ, ಪುಣೆ

ಇರುವೆ ಕೊರೆದದ್ದಲ್ಲ ಎಂಬುದು ನನಗೂ ಅನ್ನಿಸುತ್ತದೆ. ಪಶ್ಚಿಮ ಘಟ್ಟದ ಕಡೆ ಕಂದು ಮರಕುಟಿಗ ಎಂಬ ಹಕ್ಕಿ ಇದೆ. ಅದು ಮರ ಕೊರೆಯುವ ಬದಲು ಇಂಥ ಇರುವೆಗೂಡನ್ನೇ ಕೊರೆದು, ಇರುವೆಗಳು ಇರುವಾಗಲೇ ಅದರೊಳಗೆ ಮೊಟ್ಟೆ ಇಡುತ್ತದೆ. ಬೇಸಿಗೆ ಅದರ ಮರಿ ಮಾಡುವ ಕಾಲ. ತೂತು ಹಕ್ಕಿ ತೂರುವಷ್ಟಿದ್ದರೆ ಅದೇ ಇರಬಹುದು. ಹೆಬ್ಬೆರಳು ಮಾತ್ರ ಹಿಡಿಯುವಷ್ಟಿದ್ದರೆ, ಹಳೆಯ ಇರುವೆಗೂಡಿಗೆ ಬೇರೆ ಯಾವುದೋ ಹುಳು ಸೇರಿಕೊಂಡಿರುವ ಸಾಧ್ಯತೆಯನ್ನು ನಾನು ತಳ್ಳಿಹಾಕುವುದಿಲ್ಲ, ಪ್ರಕಾಶ ಅವರ ಕಣಜವೂ ಸೇರಿದಂತೆ. ಫೋಟೋದಲ್ಲಿ ಅಳತೆ ಹೇಳಲು ಪಕ್ಕದಲ್ಲಿ ಗಾತ್ರ ಗೊತ್ತಿರುವ ವಸ್ತು ಯಾವುದೂ ಇಲ್ಲ. ಹಲಸಿನ ಎಲೆಯೊಂದು ಗೂಡಿಗೆ ತಾಗಿಕೊಂಡು ಬರುವಂತೆ ತೆಗೆದರೆ ಅದರೊಂದಿಗೆ ಹೋಲಿಸಬಹುದು.

ಮಧ್ಯಾಹ್ನ ದೂರದಲ್ಲಿ ಕುಳಿತು ತೂತಿನ ಕಡೆ ಕಾಲು ಗಂಟೆ ಕಣ್ಣಿಟ್ಟು ನೋಡಿ. ದೊಡ್ಡ ಕಣಜ ಜೀವಂತವಾಗಿದ್ದರೆ ಅಷ್ಟರಲ್ಲಿ ಹತ್ತಾರು ಸಲ ಬಂದು ಹೋಗುತ್ತದೆ, ಕಪ್ಪು ಮೈಗೆ ಅಗಲವಾದ ಹಳದಿ ಪಟ್ಟೆ ಬರಿಗಣ್ಣಿಗೇ ಕಾಣುತ್ತದೆ.

ಶಾಲಿನಿ, ಫೋಂಡಾ

ಮರದ ಹಿಂಬದಿ ನೋಡಿ ಬಂದೆ. ಬುಡದಿಂದ ಆಳೆತ್ತರದವರೆಗೆ ತೊಗಟೆಯ ಮೇಲೆ ತೆಳ್ಳನೆಯ ಮಣ್ಣಿನ ಹೊದಿಕೆ ಇದೆ, ಅಲ್ಲಿಗೆ ನಿಂತಿದೆ. ಗೂಡಿನವರೆಗೆ ಹೋಗಿಲ್ಲ. ಕಾಂಡದ ಮೇಲೆ ಇರುವೆಗಳು ಸಾಲಾಗಿ ಓಡಾಡುತ್ತಿವೆ. ಕಡ್ಡಿ ಮುಟ್ಟಿಸಿದ ಕೂಡಲೇ ಹೊಟ್ಟೆ ಎತ್ತಿ ನಿಂತವು, ಫೋಟೋ ಹಾಕಿದ್ದೇನೆ. ಮಧ್ಯಾಹ್ನ ತೂತಿನ ಕಡೆ ನೋಡುತ್ತ ಕುಳಿತಿದ್ದಾಗ ಕಣಜ ಒಂದೂ ಬರಲಿಲ್ಲ, ಹಕ್ಕಿಯೂ ಬರಲಿಲ್ಲ.

ಅನಂತ, ಮಡಗಾಂವ್

ಹಾಗಾದರೆ ಒಂದೇ ಮರದಲ್ಲಿ ಕೆಳಗೆ ಗೆದ್ದಲು, ಮೇಲೆ ಇರುವೆ. ಆ ಮಣ್ಣಿನ ಹೊದಿಕೆಯ ಅಡಿಯಲ್ಲಿ ಗೆದ್ದಲು ಸಾಮಾನ್ಯವಾಗಿ ಸತ್ತ ತೊಗಟೆಯನ್ನಷ್ಟೇ ಮೇಯುತ್ತದೆ, ಮರಕ್ಕೆ ಅಂಥ ಭಯವಿಲ್ಲ.

ವಸುಧಾ, ಪುಣೆ

ಫೋಟೋದಲ್ಲಿ ಹೊಟ್ಟೆ ಎತ್ತಿದ ಇರುವೆ ಸ್ಪಷ್ಟವಾಗಿದೆ, ಕಟ್ಟಿದವರು ಇವರೇ. ಆಳು ಹತ್ತಬಹುದು, ಆದರೆ ಆ ಕವಲಿಗೆ ಕೈಯೂ ಕಾಲೂ ಇಡದೆ ಬೇರೆ ಕೊಂಬೆಯಿಂದ ಹೋಗಲಿ. ಗೂಡು ಅಲುಗಿದರೆ ಸಾವಿರಾರು ಇರುವೆಗಳು ಹೊರಬಂದು ಕಚ್ಚುತ್ತವೆ, ಅಷ್ಟೆತ್ತರದಲ್ಲಿ ಕೈ ಬಿಟ್ಟರೆ ಕಷ್ಟ. ಆ ಕವಲಿನ ಕಾಯಿಗಳನ್ನು ಕೆಳಗಿನಿಂದಲೇ ಕೊಕ್ಕೆ ಹಾಕಿ ಇಳಿಸಿ. ತೂತು ಹಕ್ಕಿಯದೋ ಅಲ್ಲವೋ ಎಂಬುದು ಇನ್ನೂ ತಿಳಿದಿಲ್ಲ. ಬೆಳಗಿನ ಹೊತ್ತು ಒಂದೆರಡು ಸಲ ನೋಡಿ, ಮರಿಗೆ ಉಣಿಸುವ ಹಕ್ಕಿಯಾದರೆ ಆಗ ಬಂದೇ ಬರುತ್ತದೆ.

ರೇಣುಕಾ, ಡೊಂಬಿವಲಿ

ನಮ್ಮ ಸಿಂಕಿನ ಕೆಳಗಿನ ಗೆರೆಗೆ ಒದ್ದೆ ಮಣ್ಣಿನ ತೇಪೆ ಬಿದ್ದಿದೆ. ಎರಡೂ ಫೋಟೋ ಹಾಕಿದ್ದೇನೆ. ಹಾಲ್‌ಗೆ ರಂಧ್ರ ಕೊರೆಯುವುದು ಬೇಡವೆಂದು ಆ ಕಂಪನಿಯವನಿಗೆ ಹೇಳಿದೆ, ಡಕ್ಟ್ ನೋಡಲು ಬರುತ್ತಾನಂತೆ. ಕೆಳಗಿನ ಮಹಡಿಯವರ ಅಡುಗೆಮನೆಯನ್ನೂ ಜೊತೆಗೇ ತೋರಿಸಬೇಕೇ?

ವಸುಧಾ, ಪುಣೆ

ತೋರಿಸಲೇಬೇಕು. ಡಕ್ಟ್ ಒಂದೇ ಆಗಿರುವುದರಿಂದ ನಾಲ್ಕನೆಯ ಮಹಡಿಯಿಂದ ನೆಲಮಹಡಿಯವರೆಗೂ ಅದೇ ಗೋಡೆ ನೋಡಿಸಿ. ನಿಮ್ಮ ಮನೆಯಲ್ಲಿ ಮಾತ್ರ ಔಷಧಿ ಹಾಕಿಸಿದರೆ ಗೆದ್ದಲು ಪಕ್ಕಕ್ಕೆ ಸರಿದು ಮತ್ತೆ ಬರುತ್ತದೆ. ಕಿಟಕಿಯ ಮುದ್ದೆಯನ್ನು, ಎಲ್ಲ ಕೊಳವೆಗಳಿಗೂ ತೂತು ಬಿದ್ದು ಖಾಲಿಯಾದ ಮೇಲೆ, ಚಾಕುವಿನಿಂದ ಎಬ್ಬಿಸಿ ತೆಗೆಯಬಹುದು.